ಬಂಗಿಗೆ ಮೂರು ಸೀರಮ್: ಯಾವುದು, ಯಾರಿಗೆ, ಎಷ್ಟು ದಿನ?

ಕೆನ್ನೆಯ ಕಂದು ಕಲೆಗಳ ಬಗ್ಗೆ ಈ ಅಂಕಣಕ್ಕೆ ಬರುವ ಮೇಲ್‌ಗಳ ಧಾಟಿ ಈಚೆಗೆ ಬದಲಾಗಿದೆ. ಮೊದಲೆಲ್ಲ ‘ಡಾಕ್ಟ್ರೇ, ಬಂಗಿಗೆ ಏನು ಹಚ್ಚಲಿ?’ ಅಂತ ಕೇಳುತ್ತಿದ್ದರು. ಈಗ ಹೆಸರು ಹಿಡಿದೇ ಕೇಳುತ್ತಾರೆ. ‘ಟ್ರಾನೆಕ್ಸಾಮಿಕ್ ಆಸಿಡ್ ಒಳ್ಳೇದಾ, ಕೋಜಿಕ್ ಆಸಿಡ್ಡಾ, ಆಲ್ಫಾ ಆರ್ಬ್ಯುಟಿನ್ನಾ? ಮೂರನ್ನೂ ಒಟ್ಟಿಗೆ ಹಚ್ಚಬಹುದಾ? ಎಷ್ಟು ದಿನಕ್ಕೆ ಹೋಗುತ್ತೆ?’ ಮೂರೂ ಸರಿಯಾದ ಪ್ರಶ್ನೆಗಳೇ. ಚರ್ಮದ ವೈದ್ಯೆಯಾಗಿ ನಾನು ಕೊಡುವ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿ ನಾನು ಹೇಳುತ್ತಿರುವುದು ಬಂಗಿನ ಬಗ್ಗೆ. ಅಂದರೆ ಎರಡೂ ಕೆನ್ನೆ, ಹಣೆ, ಮೂಗಿನ ಮೇಲ್ಭಾಗ, ಮೇಲ್ತುಟಿಯ ಮೇಲೆ ಹೆಚ್ಚು ಕಡಿಮೆ ಒಂದೇ ಸಮನಾಗಿ ಹರಡಿಕೊಳ್ಳುವ ಕಂದು ಕಲೆ. ವೈದ್ಯರು ಇದನ್ನು ಮೆಲಾಸ್ಮ ಅನ್ನುತ್ತಾರೆ. ಮುಖದ ಕಲೆಗಳಲ್ಲಿ ಅತಿ ಹಟಮಾರಿ ಇದೇ. ಮೊಡವೆ ಒಣಗಿದ ಮೇಲೆ ಉಳಿಯುವ ಚುಕ್ಕೆ ಬೇರೆ, ಅದು ಕಾಲ ಕಳೆದಂತೆ ತಾನಾಗಿಯೇ ಮಾಸುತ್ತದೆ. ಬಂಗು ಹಾಗಲ್ಲ. ಮಾಸಿದ ಮೇಲೂ ಬಿಸಿಲು ಕಂಡರೆ ಮತ್ತೆ ತಲೆ ಎತ್ತುತ್ತದೆ.

ಮೂರೂ ಒಂದೇ ಕೆಲಸ ಮಾಡುವುದಿಲ್ಲ

ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ, ಮೆಲನೋಸೈಟ್ ಅಂತ ಹೆಸರು. ಪ್ರತಿಯೊಂದನ್ನೂ ಒಂದು ಪುಟ್ಟ ಬಣ್ಣದ ಕಾರ್ಖಾನೆ ಅಂದುಕೊಳ್ಳಿ. ಅದರೊಳಗಿನ ಮುಖ್ಯ ಯಂತ್ರ ಟೈರೋಸಿನೇಸ್ ಎಂಬ ಕಿಣ್ವ. ಈ ಯಂತ್ರ ನಡೆಯಬೇಕಾದರೆ ಅದರ ನಡುವೆ ತಾಮ್ರ ಇರಬೇಕು. ತಯಾರಾದ ಬಣ್ಣವನ್ನು ಕಾರ್ಖಾನೆ ಸುತ್ತಲಿನ ಚರ್ಮದ ಕೋಶಗಳಿಗೆ ಹಂಚುತ್ತದೆ. ಆ ಕೋಶಗಳು ನಿಧಾನಕ್ಕೆ ಮೇಲೆ ಬಂದು ಉದುರಿಹೋಗುತ್ತವೆ. ಬಂಗಿನಲ್ಲಿ ಕಾರ್ಖಾನೆಗೆ ‘ಇನ್ನಷ್ಟು ಬಣ್ಣ ಮಾಡು, ಇನ್ನಷ್ಟು ಮಾಡು’ ಅಂತ ಹೊರಗಿನಿಂದ ಸತತವಾಗಿ ಆರ್ಡರ್ ಬರುತ್ತಿರುತ್ತದೆ. ಆರ್ಡರ್ ಕಳಿಸುವವರು ಬಿಸಿಲು, ಹಾರ್ಮೋನು, ಉರಿಯೂತ. ಮನೆತನದಿಂದ ಬಂದ ಒಲವೂ ಇರುತ್ತದೆ.

ಕೋಜಿಕ್ ಆಸಿಡ್ ಯಂತ್ರದ ತಾಮ್ರವನ್ನೇ ಹಿಡಿದುಕೊಳ್ಳುತ್ತದೆ. ತಾಮ್ರ ಸಿಗದಿದ್ದರೆ ಯಂತ್ರ ಮಂದವಾಗುತ್ತದೆ. ಜಪಾನಿನಲ್ಲಿ ಸಾಕೆ, ಮಿಸೋ, ಸೋಯಾ ಸಾಸ್ ಮಾಡಲು ಧಾನ್ಯಕ್ಕೆ ‘ಕೋಜಿ’ ಎಂಬ ಬೂಷ್ಟು ಬೆಳೆಸುತ್ತಾರೆ. 1907ರಲ್ಲಿ ಅದರಿಂದಲೇ ಈ ಆಮ್ಲವನ್ನು ಮೊದಲು ಬೇರ್ಪಡಿಸಿದರು, ಹೆಸರೂ ಅದರಿಂದಲೇ ಬಂತು.

ಆಲ್ಫಾ ಆರ್ಬ್ಯುಟಿನ್ ದಾರಿ ಬೇರೆ. ಅದರ ರಚನೆ ಯಂತ್ರಕ್ಕೆ ಹಾಕುವ ಕಚ್ಚಾ ಮಾಲನ್ನು ಹೋಲುತ್ತದೆ. ಹಾಗಾಗಿ ಕಚ್ಚಾ ಮಾಲು ಕೂರಬೇಕಾದ ಸೀಟಿನಲ್ಲಿ ಇದು ಹೋಗಿ ಕೂರುತ್ತದೆ. ಯಂತ್ರ ಕೆಡುವುದಿಲ್ಲ, ಕೆಲಸ ಮಾತ್ರ ಕಡಿಮೆಯಾಗುತ್ತದೆ. ರಾಸಾಯನಿಕವಾಗಿ ನೋಡಿದರೆ ಇದು ಹೈಡ್ರೋಕ್ವಿನೋನ್‌ಗೆ ಒಂದು ಸಕ್ಕರೆ ಅಣು ಅಂಟಿಕೊಂಡಿರುವ ರೂಪ. ಆ ಸಕ್ಕರೆಯ ಕಾರಣಕ್ಕೇ ಇದು ಹೈಡ್ರೋಕ್ವಿನೋನ್‌ಗಿಂತ ಸೌಮ್ಯ, ಅಷ್ಟೇ ನಿಧಾನ ಕೂಡ.

ಟ್ರಾನೆಕ್ಸಾಮಿಕ್ ಆಸಿಡ್ ಕಾರ್ಖಾನೆಯ ಯಂತ್ರಕ್ಕೆ ಕೈ ಹಾಕುವುದೇ ಇಲ್ಲ ಅನ್ನಬಹುದು, ಅದು ಆರ್ಡರ್ ಚೀಟಿಯನ್ನು ತಡೆಯುತ್ತದೆ. ಬಿಸಿಲು ಬಿದ್ದಾಗ ಚರ್ಮದ ಕೋಶಗಳಲ್ಲಿ ಪ್ಲಾಸ್ಮಿನ್ ಎಂಬ ವಸ್ತು ಚುರುಕಾಗಿ, ಅದರಿಂದ ಮೆಲನೋಸೈಟನ್ನು ಕೆರಳಿಸುವ ಸಂದೇಶಗಳು ಹೊರಡುತ್ತವೆ. ಟ್ರಾನೆಕ್ಸಾಮಿಕ್ ಆ ಪ್ಲಾಸ್ಮಿನ್ ತಯಾರಾಗದಂತೆ ನೋಡಿಕೊಳ್ಳುತ್ತದೆ. ಬಂಗು ಇರುವ ಜಾಗದಲ್ಲಿ ಸಣ್ಣ ರಕ್ತನಾಳಗಳೂ ಹೆಚ್ಚಿರುತ್ತವೆ, ಅವನ್ನೂ ಸ್ವಲ್ಪ ತಗ್ಗಿಸುತ್ತದೆ. ಮೂಲತಃ ಇದು ರಕ್ತಸ್ರಾವ ನಿಲ್ಲಿಸುವ ಔಷಧ. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಒಕಾಮೊಟೊ 1960ರ ದಶಕದ ಆರಂಭದಲ್ಲಿ ಕಂಡುಹಿಡಿದದ್ದು. ಬೇರೆ ಕಾಯಿಲೆಗೆ ಇದನ್ನು ತೆಗೆದುಕೊಂಡವರ ಬಂಗು ತಿಳಿಯಾದದ್ದನ್ನು 1979ರಲ್ಲಿ ಜಪಾನಿನಲ್ಲೇ ಗಮನಿಸಿದರು. ಅಲ್ಲಿಂದ ಇದು ಚರ್ಮದ ವೈದ್ಯರ ಕೈಗೆ ಬಂತು.

ಇಷ್ಟು ತಿಳಿದರೆ ಆಯ್ಕೆ ಅರ್ಧ ಆದಂತೆಯೇ. ಕೋಜಿಕ್ ಮತ್ತು ಆರ್ಬ್ಯುಟಿನ್ ಎರಡೂ ಒಂದೇ ಯಂತ್ರದ ಹತ್ತಿರ ಕೆಲಸ ಮಾಡುತ್ತವೆ. ಟ್ರಾನೆಕ್ಸಾಮಿಕ್ ಬೇರೆ ಕಡೆ ಕೆಲಸ ಮಾಡುತ್ತದೆ. ಜೋಡಿ ಮಾಡುವುದೇ ಆದರೆ ಟ್ರಾನೆಕ್ಸಾಮಿಕ್ ಜೊತೆ ಉಳಿದೆರಡರಲ್ಲಿ ಒಂದು. ಮೂರನ್ನೂ ಒಟ್ಟಿಗೆ ಹಚ್ಚುವುದರಿಂದ ಲಾಭ ಮೂರು ಪಟ್ಟಾಗುವುದಿಲ್ಲ, ಉರಿ ಮಾತ್ರ ಆಗಬಹುದು.

ಯಾರಿಗೆ ಯಾವುದು?

ಬಂಗು ಖಚಿತ ಆಗಿದ್ದರೆ, ಅದರಲ್ಲೂ ಕಂದು ಬಣ್ಣದ ಹಿಂದೆ ಸ್ವಲ್ಪ ಕೆಂಪು ಛಾಯೆ ಕಾಣುತ್ತಿದ್ದರೆ, ನಾನು ಮೊದಲು ಯೋಚಿಸುವುದು ಹಚ್ಚುವ ಟ್ರಾನೆಕ್ಸಾಮಿಕ್. ಶೇ 2ರಿಂದ 5ರವರೆಗಿನ ಸೀರಮ್‌ಗಳು ಸಿಗುತ್ತವೆ. ಇದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಬಾಟಲಿಯಲ್ಲಿ ಬೇಗ ಕೆಡುವುದಿಲ್ಲ, ಹೆಚ್ಚಿನವರಿಗೆ ಉರಿಯುವುದೂ ಇಲ್ಲ. ಹೆಸರಿನಲ್ಲಿ ಆಸಿಡ್ ಇದೆ ಅಂತ ಹೆದರಬೇಡಿ. ಗ್ಲೈಕಾಲಿಕ್ ಆಸಿಡ್‌ನಂತೆ ಚರ್ಮ ಸುಲಿಯುವ ಗುಣ ಇದಕ್ಕಿಲ್ಲ.

ಚರ್ಮ ತುಂಬಾ ಸೂಕ್ಷ್ಮ, ಏನು ಹಚ್ಚಿದರೂ ಕೆಂಪಾಗುತ್ತದೆ ಅನ್ನುವವರಿಗೆ ಆಲ್ಫಾ ಆರ್ಬ್ಯುಟಿನ್ ಸಹನೀಯ. ಶೇ 1ರಿಂದ 2 ಸಾಕು. ಯುರೋಪಿನಲ್ಲಿ ಮುಖದ ಕ್ರೀಮಿಗೆ ಕಾನೂನು ಹಾಕಿರುವ ಮಿತಿಯೂ ಶೇ 2. ಲೇಬಲ್ ಓದುವಾಗ ಒಂದು ವಿಷಯ ಗಮನಿಸಿ. ‘ಆಲ್ಫಾ ಆರ್ಬ್ಯುಟಿನ್’ ಬೇರೆ, ಬರೀ ‘ಆರ್ಬ್ಯುಟಿನ್’ ಬೇರೆ, ‘ಬೇರ್‌ಬೆರಿ ಸಾರ’ ಇನ್ನೂ ಬೇರೆ. ಕೊನೆಯ ಎರಡನ್ನು ಆಲ್ಫಾ ಅಂದುಕೊಂಡು ಅದೇ ಬೆಲೆ ಕೊಡಬೇಡಿ. ಇನ್ನೊಂದು ಮಾತು, ಬಂಗಿಗೆ ಇದೊಂದೇ ಸಾಕು ಅನ್ನುವಷ್ಟು ಬಲವಾದ ಪುರಾವೆ ಇಲ್ಲ. ಮೊಡವೆ ಕಲೆಗೆ, ಅಥವಾ ಟ್ರಾನೆಕ್ಸಾಮಿಕ್ ಜೊತೆಗೆ ಸಹಾಯಕವಾಗಿ ಇದು ಚೆನ್ನ.

ಕೋಜಿಕ್ ಮೂರರಲ್ಲಿ ಸ್ವಲ್ಪ ಖಾರ. ಕೆಲಸ ಮಾಡುತ್ತದೆ, ಆದರೆ ಕೆಲವರಿಗೆ ತುರಿಕೆ, ಕೆಂಪು, ಅಲರ್ಜಿ ತರುತ್ತದೆ. ಯುರೋಪಿನಲ್ಲಿ ಮುಖ ಮತ್ತು ಕೈಗೆ ಹಚ್ಚುವ ಉತ್ಪನ್ನಗಳಲ್ಲಿ ಇದು ಶೇ 1 ದಾಟುವ ಹಾಗಿಲ್ಲ. ಇಲ್ಲಿ ಶೇ 2ರ ಕ್ರೀಮುಗಳೂ ಸಿಗುತ್ತವೆ. ಗಾಳಿ ಬೆಳಕಿಗೆ ಇದು ಬೇಗ ಕೆಡುತ್ತದೆ. ತಂದಾಗ ತಿಳಿಯಾಗಿದ್ದ ಸೀರಮ್ ಟೀ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಎಸೆಯಿರಿ. ದುಡ್ಡು ಕೊಟ್ಟಿದ್ದೇನೆ ಅಂತ ಮುಗಿಸಲು ಹೋಗಬೇಡಿ. ಡ್ರಾಪರ್ ಬಾಟಲಿಗಿಂತ ಟ್ಯೂಬು ಅಥವಾ ಪಂಪು ಒಳ್ಳೆಯದು, ಚಿಕ್ಕ ಪ್ಯಾಕ್ ಇನ್ನೂ ಒಳ್ಳೆಯದು. ಗಟ್ಟಿ ಚರ್ಮದವರಿಗೆ, ಉರಿ ಅಲರ್ಜಿ ಇಲ್ಲದವರಿಗೆ ಇದು ಸರಿಹೊಂದಬಹುದು. ಕೋಜಿಕ್ ಸೋಪಿನ ಬಗ್ಗೆಯೂ ತುಂಬಾ ಜನ ಕೇಳುತ್ತೀರಿ. ಒಂದು ನಿಮಿಷದಲ್ಲಿ ತೊಳೆದುಹೋಗುವ ಸೋಪಿನಿಂದ ಕಾರ್ಖಾನೆಯ ತನಕ ಎಷ್ಟು ತಲುಪೀತು, ನೀವೇ ಯೋಚಿಸಿ.

ಮೂರರಲ್ಲಿ ಯಾವುದೇ ಇರಲಿ, ಮುಖಕ್ಕೆ ಮೊದಲು ಮೊಣಕೈ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಒಂದೇ ಸಲ ಹಚ್ಚಿ ‘ಏನೂ ಆಗಲಿಲ್ಲ’ ಅಂದರೆ ಸಾಲದು. ಅಲರ್ಜಿ ಕೆಲವೊಮ್ಮೆ ನಾಲ್ಕೈದು ದಿನ ಬಿಟ್ಟು ಮುಖ ತೋರಿಸುತ್ತದೆ.

ಸನ್‌ಸ್ಕ್ರೀನ್ ಇಲ್ಲದಿದ್ದರೆ ತೂತು ಕೊಡ

ಇದನ್ನು ಓದುವಾಗ ‘ಗೊತ್ತು ಬಿಡಿ’ ಅಂತ ಕೆಳಗೆ ಸ್ಕ್ರಾಲ್ ಮಾಡುವವರು ಹೆಚ್ಚು. ಸ್ವಲ್ಪ ನಿಲ್ಲಿ. ಬಂಗಿಗೆ ಎಲ್ಲ ಸನ್‌ಸ್ಕ್ರೀನೂ ಸಾಲುವುದಿಲ್ಲ. ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ಬಂಗನ್ನು ಕೆರಳಿಸುವುದು ಅತಿನೇರಳೆ ಕಿರಣ ಮಾತ್ರ ಅಲ್ಲ. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ಭಾಗ, ಅಷ್ಟೇ ಕೆರಳಿಸುತ್ತದೆ. ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಆ ಬೆಳಕನ್ನು ಹೆಚ್ಚಾಗಿ ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್, ಅಂದರೆ ಕಬ್ಬಿಣದ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್. ಎಸ್‌ಪಿಎಫ್ 30ರಿಂದ 50, ಜೊತೆಗೆ ಐರನ್ ಆಕ್ಸೈಡ್, ಇವೆರಡನ್ನೂ ಡಬ್ಬಿಯ ಮೇಲೆ ಹುಡುಕಿ.

ಎಷ್ಟು ಹಚ್ಚಬೇಕು? ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸುಮಾರು 1 ಗ್ರಾಂ ಆಗುತ್ತದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟಕ್ಕೆ ಹೊರಡುವ ಮುಂಚೆ ಒಮ್ಮೆ ಅಂದರೆ 50 ಗ್ರಾಂ ಟ್ಯೂಬು 25 ದಿನ ಬರಬೇಕು. ನಿಮ್ಮ ಟ್ಯೂಬು ನಾಲ್ಕು ತಿಂಗಳಿಂದ ಬಚ್ಚಲುಮನೆಯ ಶೆಲ್ಫಿನಲ್ಲೇ ಇದ್ದರೆ, ಸೀರಮ್ ಕೆಲಸ ಮಾಡುತ್ತಿಲ್ಲ ಅಂತ ದೂರುವ ಮೊದಲು ಆ ಟ್ಯೂಬನ್ನು ನೋಡಿ. ಕ್ಯಾಬಿನ ಕಿಟಕಿ ಪಕ್ಕ ಕೂರುವವರಿಗೂ ಇದು ಅನ್ವಯ. ಬದಿಯ ಗಾಜಿನಿಂದ ಕಾಣುವ ಬೆಳಕೂ, ಬಂಗಿಗೆ ಆಗದ ಯುವಿಎ ಕಿರಣವೂ ಒಳಗೆ ಬರುತ್ತವೆ. ಲ್ಯಾಪ್‌ಟಾಪ್ ಪರದೆಗೆ ಮಾತ್ರ ಹೆದರಬೇಕಿಲ್ಲ, ಬಿಸಿಲಿನ ಮುಂದೆ ಅದರ ಬೆಳಕು ಏನೇನೂ ಅಲ್ಲ.

ಒಬ್ಬರ ಆರು ತಿಂಗಳು

ವಿವರ ತಿಳಿಯಲು ಒಂದು ಉದಾಹರಣೆ. ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ. ಆಕೆಗೆ 33 ವರ್ಷ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ದಿನಾ ಸ್ಕೂಟರಿನಲ್ಲಿ ಆಫೀಸಿಗೆ ಓಡಾಟ. ಎರಡನೇ ಹೆರಿಗೆ ಆದ ಮೇಲೆ ಎರಡೂ ಕೆನ್ನೆ ಮತ್ತು ಮೇಲ್ತುಟಿಯಲ್ಲಿ ಕಲೆ, ಮೂರು ವರ್ಷದಿಂದ. ನನ್ನ ಹತ್ತಿರ ಬಂದಾಗ ರಾತ್ರಿ ಹೊತ್ತು ಮೂರು ಸೀರಮ್ ಒಂದರ ಮೇಲೊಂದು ಹಚ್ಚುತ್ತಿದ್ದರು. ಮೊದಲು ಟ್ರಾನೆಕ್ಸಾಮಿಕ್, ಮೇಲೆ ಆಲ್ಫಾ ಆರ್ಬ್ಯುಟಿನ್, ಕೊನೆಗೆ ಕೋಜಿಕ್ ಕ್ರೀಮ್. ವಾರಕ್ಕೆರಡು ದಿನ ಗ್ಲೈಕಾಲಿಕ್ ಆಸಿಡ್ ಬೇರೆ. ಐದನೇ ವಾರಕ್ಕೆ ಮುಖ ಉರಿಯಲು ಶುರುವಾಗಿ, ಕಲೆ ಮೊದಲಿಗಿಂತ ಗಾಢವಾಗಿತ್ತು.

‘ಔಷಧಿ ಒಳಗಿನ ಕಲೆಯನ್ನ ಹೊರಗೆ ತರ್ತಿದೆ, ಆಮೇಲೆ ಹೋಗುತ್ತೆ ಅಂತ ವಿಡಿಯೋದಲ್ಲಿ ಹೇಳಿದ್ರು ಮೇಡಂ’ ಅಂದರು.

‘ಒಳಗಿಂದ ಏನೂ ಹೊರಗೆ ಬರ್ತಿಲ್ಲಮ್ಮ, ಚರ್ಮ ಸುಟ್ಟಿದೆ. ಸುಟ್ಟ ಕಡೆಯೆಲ್ಲ ಹೊಸ ಬಣ್ಣ ತಯಾರಾಗ್ತಿದೆ’ ಅಂದೆ.

ನಮ್ಮ ಚರ್ಮದ ಸ್ವಭಾವವೇ ಅದು. ಯಾವ ಕಾರಣಕ್ಕೆ ಉರಿಯೂತ ಆದರೂ ಗುರುತಾಗಿ ಕಪ್ಪು ಬಿಟ್ಟು ಹೋಗುತ್ತದೆ. ಬಂಗಿನ ಮೇಲೆ ಉರಿ ಬಿದ್ದರೆ ಬೆಂಕಿಗೆ ತುಪ್ಪ ಸುರಿದಂತೆ.

ಮೊದಲ ಮೂರು ವಾರ ಎಲ್ಲ ಬಂದ್. ನೊರೆ ಕಡಿಮೆ ಇರುವ ಸೌಮ್ಯ ಕ್ಲೆನ್ಸರ್, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಟಿಂಟೆಡ್ ಸನ್‌ಸ್ಕ್ರೀನ್, ಅಷ್ಟೇ. ಸೀರಮ್ ನಿಲ್ಲಿಸಿದರೆ ಕಲೆ ಹೆಚ್ಚಾಗುತ್ತದೆ ಅಂತ ಅವರಿಗೆ ದಿಗಿಲು. ಆದರೆ ಉರಿ ಶಮನ ಆಗುತ್ತಿದ್ದಂತೆ ಕೆಂಪು ಇಳಿಯಿತು.

ಇದೇ ಸಮಯದಲ್ಲಿ ಅವರು ತೆಗೆದುಕೊಳ್ಳುವ ಮಾತ್ರೆಗಳನ್ನು ಕೇಳಿದೆ. ಗರ್ಭನಿರೋಧಕ ಮಾತ್ರೆ ಇತ್ತು. ಈಸ್ಟ್ರೋಜನ್ ಇರುವ ಮಾತ್ರೆ ಬಂಗನ್ನು ಹೆಚ್ಚಿಸಬಹುದು. ನಾನು ಅದನ್ನು ನಿಲ್ಲಿಸಿ ಅನ್ನಲಿಲ್ಲ, ಅವರ ಸ್ತ್ರೀರೋಗ ತಜ್ಞರ ಹತ್ತಿರ ಬೇರೆ ದಾರಿ ಕೇಳಲು ಹೇಳಿದೆ. ಅವರು ಕಾಪರ್-ಟಿಗೆ ಬದಲಿಸಿದರು.

ನಾಲ್ಕನೇ ವಾರದಿಂದ ಟ್ರಾನೆಕ್ಸಾಮಿಕ್ ಶೇ 3, ಅದೊಂದೇ. ಮೊದಲ ಎರಡು ವಾರ ದಿನ ಬಿಟ್ಟು ದಿನ ರಾತ್ರಿ, ನಂತರ ಪ್ರತಿ ರಾತ್ರಿ. ಮುಖ ತೊಳೆದು ಒರೆಸಿ, ಇಡೀ ಮುಖಕ್ಕೆ ನಾಲ್ಕು ಹನಿ, ಅದರ ಮೇಲೆ ಮಾಯಿಶ್ಚರೈಸರ್. ನಾಲ್ಕು ಹನಿ ಅಂದರೆ ಸುಮಾರು 0.2 ಮಿಲಿಲೀಟರ್. ಈ ಲೆಕ್ಕದಲ್ಲಿ 30 ಮಿಲಿಲೀಟರ್ ಬಾಟಲಿ ಐದು ತಿಂಗಳು ಬರುತ್ತದೆ. ಹಾಗಾಗಿ ಮೂರು ತಿಂಗಳ ಪ್ರಯೋಗಕ್ಕೆ ಒಂದೇ ಬಾಟಲಿ ಸಾಕು, ನಾಲ್ಕೈದು ಬ್ರ್ಯಾಂಡ್ ಕೊಳ್ಳುವ ಅಗತ್ಯವಿಲ್ಲ.

ಸೀರಮ್ ಶುರುವಾಗಿ ನಾಲ್ಕು ವಾರ ಕಳೆದಾಗ ಏನೂ ಬದಲಾಗಿರಲಿಲ್ಲ. ಆಗಬೇಕಾದ್ದೂ ಹಾಗೆಯೇ. ತಳದ ಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಈಗಾಗಲೇ ಬಣ್ಣ ತುಂಬಿಕೊಂಡಿರುವ ಕೋಶಗಳು ಖಾಲಿ ಆಗುವ ತನಕ ಹೊಸ ತಯಾರಿಕೆ ಕಡಿಮೆ ಆಗಿರುವುದು ಕನ್ನಡಿಯಲ್ಲಿ ಕಾಣುವುದಿಲ್ಲ. ಎಂಟು ವಾರಕ್ಕೆ ಕಲೆಯ ಅಂಚು ಮಸುಕಾಯಿತು. ಮೊದಲು ಗೆರೆ ಎಳೆದಂತೆ ಸ್ಪಷ್ಟವಾಗಿದ್ದ ಅಂಚು ಪಕ್ಕದ ಚರ್ಮದೊಂದಿಗೆ ಬೆರೆಯತೊಡಗಿತು. ಔಷಧಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ನಾನು ನೋಡುವ ಮೊದಲ ಗುರುತು ಇದು, ನಡುಭಾಗ ತಿಳಿಯಾಗುವುದು ಆಮೇಲೆ.

ಹನ್ನೆರಡು ವಾರಕ್ಕೆ ಕೆನ್ನೆ ಕಣ್ಣಿಗೆ ಕಾಣುವಷ್ಟು ತಿಳಿಯಾಯಿತು. ಮೇಲ್ತುಟಿ ಜಗ್ಗಲಿಲ್ಲ. ಅವರು ಅಲ್ಲಿ ತಿಂಗಳಿಗೊಮ್ಮೆ ಥ್ರೆಡಿಂಗ್ ಮಾಡಿಸುತ್ತಿದ್ದರು. ದಾರದ ಎಳೆತಕ್ಕೆ ಅಲ್ಲಿ ಪ್ರತಿ ಸಲ ಸಣ್ಣ ಉರಿಯೂತ. ಅದನ್ನು ನಿಲ್ಲಿಸಿ, ಬೆಳಗಿನ ಹೊತ್ತು ಸನ್‌ಸ್ಕ್ರೀನ್ ಕೆಳಗೆ ಶೇ 2 ಆಲ್ಫಾ ಆರ್ಬ್ಯುಟಿನ್ ಸೇರಿಸಿದೆವು. ಕೋಜಿಕ್ ಬೇಡ ಅಂದೆ, ಯಾಕೆಂದರೆ ಒಮ್ಮೆ ಉರಿ ತಿಂದ ಚರ್ಮ ಅದು.

ಆರನೇ ತಿಂಗಳಿಗೆ ಅವರ ಕಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾಸಿತ್ತು. ಹತ್ತಿರದಿಂದ ನೋಡಿದರೆ ಕಾಣುತ್ತದೆ, ಎರಡು ಮಾರು ದೂರದಿಂದ ಗೊತ್ತಾಗುವುದಿಲ್ಲ. ಆಮೇಲೆ ಏಪ್ರಿಲ್ ಬಂತು. ಊರ ಜಾತ್ರೆ, ಮೂರು ದಿನ ತೇರಿನ ಹಿಂದೆ ಮುಂದೆ ಬಿಸಿಲು. ವಾಪಸ್ ಬರುವಾಗ ಎರಡು ತಿಂಗಳ ಹಿಂದಿನ ಸ್ಥಿತಿಗೆ ಹೋಗಿತ್ತು. ಅದೇ ದಿನಚರಿಯಲ್ಲಿ ಮತ್ತೆ ಎಂಟು ವಾರ ಹಿಡಿಯಿತು. ಇದನ್ನು ಸೋಲು ಅನ್ನಬೇಡಿ, ಬಂಗಿನ ಗುಣವೇ ಇದು.

ನಿರೀಕ್ಷೆ ಎಷ್ಟಿಟ್ಟುಕೊಳ್ಳಬೇಕು?

ಮೇಲಿನ ಕಥೆಯನ್ನೇ ಒಂದು ಅಳತೆಗೋಲು ಮಾಡಿಕೊಳ್ಳಿ. ಎಂಟು ವಾರದ ಮೊದಲು ತೀರ್ಪು ಬೇಡ. ಹನ್ನೆರಡು ವಾರ ಸರಿಯಾಗಿ ಹಚ್ಚಿ, ಸನ್‌ಸ್ಕ್ರೀನ್ ಸರಿಯಾಗಿ ಇದ್ದೂ ಏನೂ ಬದಲಾಗದಿದ್ದರೆ ಅದೇ ಸೀರಮ್‌ನ ಇನ್ನೊಂದು ಬ್ರ್ಯಾಂಡ್ ತರಬೇಡಿ, ವೈದ್ಯರನ್ನು ನೋಡಿ. ಬಣ್ಣ ಚರ್ಮದ ಒಳಪದರಕ್ಕೆ ಇಳಿದಿದ್ದರೆ ಈ ಮೂರೂ ಅಲ್ಲಿಗೆ ಹೆಚ್ಚು ತಲುಪುವುದಿಲ್ಲ. ಅಂಥ ಕಲೆ ಕಂದಿಗಿಂತ ಬೂದು, ನೀಲಿ ಬೂದಿಯತ್ತ ವಾಲಿರುತ್ತದೆ. ಹೆಚ್ಚಿನವರಲ್ಲಿ ಎರಡೂ ಬೆರೆತಿರುತ್ತದೆ. ಹಾಗಾಗಿ ಮೇಲಿನ ಭಾಗ ಮಾಸಿ ಒಳಗಿನದು ಉಳಿಯುವುದು ಸಾಮಾನ್ಯ. ‘ಪೂರ್ತಿ ಹೋಗುತ್ತೆ’ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ, ನಿಮ್ಮ ಪರ್ಸನ್ನು ಬಿಗಿಯಾಗಿ ಹಿಡಿದುಕೊಳ್ಳಿ.

ಬದಲಾವಣೆ ಅಳೆಯಲು ಕನ್ನಡಿ ನಂಬಬೇಡಿ, ದಿನಾ ನೋಡುವ ಮುಖದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನಾಲ್ಕು ವಾರಕ್ಕೊಮ್ಮೆ ಒಂದೇ ಕಿಟಕಿಯ ಮುಂದೆ, ಒಂದೇ ಹೊತ್ತಿನಲ್ಲಿ, ಮೇಕಪ್ ಇಲ್ಲದೆ, ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಎದುರು, ಎಡ, ಬಲ ಮೂರು ಫೋಟೊ ತೆಗೆಸಿಕೊಳ್ಳಿ. ಬ್ಯೂಟಿ ಮೋಡ್ ಆಫ್ ಇರಲಿ. ಎಷ್ಟೋ ಫೋನುಗಳಲ್ಲಿ ಅದು ತಾನೇ ಆನ್ ಆಗಿದ್ದು, ಮೊದಲ ದಿನವೇ ಬಂಗನ್ನು ವಾಸಿ ಮಾಡಿಬಿಟ್ಟಿರುತ್ತದೆ!

ಕಲೆ ಮಾಸಿದ ಮೇಲೆ ಸೀರಮ್ ನಿಲ್ಲಿಸಬಹುದಾ ಅಂದರೆ, ಪೂರ್ತಿ ಅಲ್ಲ. ನಾನು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ರಾತ್ರಿಗೆ ಇಳಿಸುತ್ತೇನೆ. ಬೇಸಿಗೆಗೆ ಒಂದು ತಿಂಗಳು ಮೊದಲು, ಅಂದರೆ ಫೆಬ್ರವರಿ ಸುಮಾರಿಗೆ, ಮತ್ತೆ ದಿನಾ ಶುರು ಮಾಡಿಸುತ್ತೇನೆ. ಸನ್‌ಸ್ಕ್ರೀನ್ ಮಾತ್ರ ವರ್ಷಪೂರ್ತಿ, ಮಳೆಗಾಲದಲ್ಲೂ.

ಮಾತ್ರೆಯ ವಿಷಯ, ಎಚ್ಚರ

ಟ್ರಾನೆಕ್ಸಾಮಿಕ್ ಮಾತ್ರೆ ರೂಪದಲ್ಲೂ ಬಂಗಿಗೆ ಕೊಡುತ್ತಾರೆ, ಹಚ್ಚುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದೂ ಉಂಟು. ಸಾಮಾನ್ಯವಾಗಿ 250 ಮಿಲಿಗ್ರಾಂ ದಿನಕ್ಕೆರಡು ಸಲ, ಕೆಲವು ತಿಂಗಳು. ಮುಟ್ಟಿನ ಅತಿ ರಕ್ತಸ್ರಾವಕ್ಕೆ ಮನೆಯಲ್ಲಿ ಯಾರಿಗೋ ಬರೆದುಕೊಟ್ಟ 500ರ ಸ್ಟ್ರಿಪ್ ಕಪಾಟಿನಲ್ಲಿ ಇರುತ್ತದೆ. ‘ಅದೇ ಔಷಧಿ ತಾನೇ, ಅರ್ಧ ಮುರಿದು ನುಂಗಿದರಾಯ್ತು’ ಅನ್ನುವವರನ್ನು ನೋಡಿದ್ದೇನೆ. ಬೇಡ. ಇದು ರಕ್ತದ ಗಡ್ಡೆ ಕರಗದಂತೆ ತಡೆಯುವ ಔಷಧ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಸಿಗರೇಟು ಸೇದುವವರು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಮನೆಯಲ್ಲಿ ಅಂಥ ಚರಿತ್ರೆ ಇರುವವರು, ಗರ್ಭಿಣಿಯರು, ಇವರ ವಿಷಯದಲ್ಲಿ ಅಪಾಯ ಹೆಚ್ಚು. ಮೇಲೆ ಹೇಳಿದ ಮಹಿಳೆಗೆ ನಾನು ಮಾತ್ರೆ ಯೋಚಿಸದಿರಲು ಅವರ ಗರ್ಭನಿರೋಧಕವೂ ಒಂದು ಕಾರಣ. ವೈದ್ಯರು ಇವೆಲ್ಲ ಕೇಳಿಯೇ ಬರೆಯಬೇಕಾದ ಮಾತ್ರೆ ಇದು. ತೆಗೆದುಕೊಳ್ಳುತ್ತಿರುವಾಗ ಒಂದು ಕಾಲು ಊದಿ ನೋವಾದರೆ, ಎದೆ ನೋವು, ಉಸಿರು ಕಟ್ಟುವುದು, ದೃಷ್ಟಿ ಮಂಜಾಗುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಗರ್ಭಿಣಿಯರಿಗೆ ಒಂದು ಕಿವಿಮಾತು. ಬಸುರಿನಲ್ಲಿ ಬಂದ ಬಂಗು ಹೆರಿಗೆಯಾದ ಕೆಲವು ತಿಂಗಳಲ್ಲಿ ಎಷ್ಟೋ ಜನರಲ್ಲಿ ತಾನಾಗಿ ಮಾಸುತ್ತದೆ. ಅಲ್ಲಿಯ ತನಕ ಟಿಂಟೆಡ್ ಸನ್‌ಸ್ಕ್ರೀನ್, ಟೋಪಿ, ದುಪಟ್ಟಾ ಸಾಕು. ಆಲ್ಫಾ ಆರ್ಬ್ಯುಟಿನ್ ಹೈಡ್ರೋಕ್ವಿನೋನ್‌ನ ನೆಂಟ ಆದ್ದರಿಂದ ಆಗ ಅದನ್ನು ದೂರ ಇಡುವುದು ನನ್ನ ರೂಢಿ.

ಸೀರಮ್ ಕೊಳ್ಳುವ ಮುಂಚೆ

ಕೊನೆಯದಾಗಿ, ನಿಮ್ಮ ಕಲೆ ನಿಜವಾಗಿಯೂ ಬಂಗೇ ಹೌದಾ ನೋಡಿಕೊಳ್ಳಿ. ಕುತ್ತಿಗೆಯ ಹಿಂದೆ, ಕೆನ್ನೆಯ ಪಕ್ಕ, ಕಣ್ಣಿನ ಹೊರ ಅಂಚಿನಲ್ಲಿ ಮುಟ್ಟಿದರೆ ವೆಲ್ವೆಟ್ ಬಟ್ಟೆಯಂತೆ ದಪ್ಪಗೆ ಅನಿಸುವ ಕಪ್ಪು ಇದ್ದರೆ ಅದು ಬಂಗಲ್ಲ. ಹೆಚ್ಚಾಗಿ ತೂಕ ಮತ್ತು ಇನ್ಸುಲಿನ್‌ಗೆ ಸಂಬಂಧಿಸಿದ್ದು. ಅದಕ್ಕೆ ಸೀರಮ್‌ಗಿಂತ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಆಗಬೇಕು. ತಲೆಗೂದಲಿಗೆ ಡೈ ಹಚ್ಚುವವರಿಗೆ ಹಣೆಯ ಅಂಚು, ಕಿವಿಯ ಮುಂದೆ, ಕುತ್ತಿಗೆಯ ಪಕ್ಕ ಬೂದು ಕಂದು ಕಲೆ ಹರಡುತ್ತಿದ್ದರೆ, ನಡುನಡುವೆ ತುರಿಕೆಯೂ ಇದ್ದರೆ, ಡೈಯ ಅಲರ್ಜಿ ಇರಬಹುದು. ಡೈ ನಿಲ್ಲದೆ ಯಾವ ಆಸಿಡ್ಡೂ ಅದನ್ನು ಮಾಸಿಸದು.

ಇನ್ನೊಂದು ಸಂದರ್ಭ ಇದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದ ‘ಬೆಳ್ಳಗಾಗುವ’ ಕ್ರೀಮು ಎರಡು ವಾರದಲ್ಲೇ ಮುಖ ಹೊಳೆಯಿಸಿ, ಬಿಟ್ಟ ಕೂಡಲೇ ಉರಿ, ಕೆಂಪು, ಸಣ್ಣ ಗುಳ್ಳೆ ತಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಹೆಚ್ಚು. ಎರಡೇ ವಾರಕ್ಕೆ ಫಲ ಕೊಡುವ ಶಕ್ತಿ ಟ್ರಾನೆಕ್ಸಾಮಿಕ್‌ಗೂ ಇಲ್ಲ, ಕೋಜಿಕ್‌ಗೂ ಇಲ್ಲ, ಆರ್ಬ್ಯುಟಿನ್‌ಗೂ ಇಲ್ಲ. ಅಂಥ ಟ್ಯೂಬನ್ನು ಹಿಡಿದುಕೊಂಡೇ ಚರ್ಮದ ವೈದ್ಯರ ಹತ್ತಿರ ಹೋಗಿ, ಅದರ ಮೇಲೆ ಬರೆದಿರುವುದನ್ನು ಅವರು ಓದಲಿ.

ಇವ್ಯಾವೂ ಅಲ್ಲ, ಬಂಗೇ ಅಂತಾದರೆ ಪಟ್ಟಿ ಚಿಕ್ಕದು. ಈ ತಿಂಗಳು ಟಿಂಟೆಡ್ ಸನ್‌ಸ್ಕ್ರೀನ್ ಒಂದನ್ನೇ ಕೊಳ್ಳಿ, 25 ದಿನಕ್ಕೆ ಟ್ಯೂಬು ಖಾಲಿ ಮಾಡಿ. ಅದು ಅಭ್ಯಾಸ ಆದ ಮೇಲೆ ಮುಂದಿನ ತಿಂಗಳು ಒಂದು ಸೀರಮ್. ಒಂದೇ.